ಹಗೇವಿನ ಮೇಲಿನ ಚಪ್ಪಡಿ

ಕೆಲವು ದಿನಗಳ ಹಿಂದೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನಿಂದ ಉತ್ತರ ಹೇಳಲಾಗಲಿಲ್ಲ. ಪಾಠದ ನಡುವೆ 'ಕಂಟ್ರೋಲು ಅಂಗಡಿ' ಎಂಬ ಮಾತು ಬಂದಿತ್ತು. ಅದು ಎರಡನೆಯ ಮಹಾಯುದ್ಧದ ಕಾಲದ ಮಾತೆಂದು ಹೇಳಿ ಮುಂದೆ ಹೋಗುವುದರಲ್ಲಿದ್ದೆ. ಆ ಹುಡುಗಿ ಎದ್ದು ನಿಂತು, "ಯುದ್ಧ ಬಂದಾಗ ಇಂಗ್ಲೆಂಡಿನ ಹೆಂಗಸರು ಕಾರ್ಖಾನೆಗೆ ಹೋದರೆಂದು ಓದಿದ್ದೇವೆ. ನಮ್ಮ ಹಳ್ಳಿಯ ಹೆಂಗಸರು ಎಲ್ಲಿಗೆ ಹೋದರು?" ಎಂದಳು. ಎಲ್ಲಿಗೂ ಹೋಗಲಿಲ್ಲ ಎಂದುಬಿಟ್ಟೆ. ತರಗತಿ ನಕ್ಕಿತು. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಚುಚ್ಚತೊಡಗಿತು. ಎಲ್ಲಿಗೂ ಹೋಗದಿದ್ದವರ ಬಳಿಗೆ ಯುದ್ಧವೇ ನಡೆದು ಬಂದಿತ್ತೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನಮ್ಮ ಅಜ್ಜಿಯ ಬಾಯಿಂದ ಕೇಳಿದವನು. ಆದರೂ ಅದು ಆಗ ನೆನಪಿಗೆ ಬರಲಿಲ್ಲ.

ನನ್ನ ತಾಯಿಯ ತವರು ಹಂಪಾಪುರ. ಈ ಹೆಸರಿನ ಊರುಗಳು ನಮ್ಮ ಸೀಮೆಯಲ್ಲಿ ಒಂದಕ್ಕಿಂತ ಹೆಚ್ಚಾಗಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಹೇಳುವುದು ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯ ಹಂಪಾಪುರವನ್ನು. ಅದೇ ದಾರಿ ಮುಂದೆ ಕಾಡನ್ನು ಹೊಕ್ಕು ಮಾನಂದವಾಡಿಗೆ ಇಳಿಯುತ್ತದೆ. ಕಬಿನಿಗೆ ಅಣೆಕಟ್ಟು ಇನ್ನೂ ಬಂದಿರದಿದ್ದ ಕಾಲದಲ್ಲಿ ಇದು ಮಳೆಯನ್ನೇ ನೆಚ್ಚಿದ ರಾಗಿಯ ನಾಡು. ಅಲ್ಲಿನವರಿಗೆ ಊಟವೆಂದರೆ ಹಿಟ್ಟು, ಅಂದರೆ ಮುದ್ದೆ. ಅನ್ನ ಹಬ್ಬದ ದಿನದ ಮಾತು.

ಆ ಮನೆಯ ಮುಂದಿನ ಅಂಗಳದಲ್ಲಿ ಒಂದು ಕಲ್ಲುಚಪ್ಪಡಿಯಿದೆ. ಚಿಕ್ಕಂದಿನಲ್ಲಿ ಅದರ ಮೇಲೆ ಕುಣಿದರೆ ಅಜ್ಜಿ ಗದರುತ್ತಿದ್ದರು. ಅದರ ಕೆಳಗೆ ಹಗೇವು ಇತ್ತು. ಇಂದಿನ ವಿದ್ಯಾರ್ಥಿಗಳಲ್ಲಿ ಹಗೇವನ್ನು ಕಂಡವರು ವಿರಳವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಟ್ಟಿ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿಯನ್ನು ತೋಡಿ, ಕೆಳಗೆ ಹೋದಂತೆ ಹೂಜಿಯ ಹೊಟ್ಟೆಯ ಹಾಗೆ ಅಗಲ ಮಾಡಿದ ಗುಂಡಿ ಅದು. ಒಳಗೆ ಸುತ್ತಲೂ ರಾಗಿಹುಲ್ಲನ್ನು ದಪ್ಪವಾಗಿ ಹಾಸಿ, ಒಣಗಿದ ರಾಗಿಯನ್ನು ಸುರಿದು, ಬಾಯಿಗೆ ಮತ್ತೆ ಹುಲ್ಲು ತುಂಬಿ, ಚಪ್ಪಡಿ ಮುಚ್ಚಿ, ಮಣ್ಣಿನಿಂದ ಬಿಗಿಯುತ್ತಿದ್ದರು. ನೂರು ಸೇರಿಗೆ ಒಂದು ಪಲ್ಲ. ಅಂಥ ಹತ್ತಾರು ಪಲ್ಲ ಒಂದು ಹಗೇವಿಗೆ ಹಿಡಿಸುತ್ತಿತ್ತು. ರಾಗಿಯ ಕಾಳು ಸಣ್ಣದು, ಗಟ್ಟಿ, ಹುಳುವಿಗೆ ಸುಲಭವಾಗಿ ಬಗ್ಗದು. ನೀರು ತಾಕದಿದ್ದರೆ ಹಲವು ವರ್ಷ ಹಾಗೆಯೇ ಇರುತ್ತದೆ. ಒಂದು ವರ್ಷದ ಮಳೆ ಕೈಕೊಟ್ಟರೆ ಹಿಂದಿನ ವರ್ಷಗಳ ಮಳೆಯನ್ನು ನೆಲದಿಂದ ತೆಗೆದು ಉಣ್ಣುವ ಉಪಾಯವೆಂದರೆ ಸಲ್ಲುತ್ತದೆ.

ಹಗೇವನ್ನು ತೆಗೆಯುವುದು ಮಾತ್ರ ಎಚ್ಚರದ ಕೆಲಸ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ. ಬಾಯಿ ತೆರೆದ ಕೂಡಲೆ ಇಳಿದವನು ಮೇಲೆ ಬಾರದೆ ಉಳಿದದ್ದುಂಟು. ಅವನನ್ನು ಎತ್ತಲು ಇಳಿದವನೂ ಉಳಿದದ್ದುಂಟು. ಅದಕ್ಕಾಗಿ ಚಪ್ಪಡಿ ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ಹೀಗೆ ಮೇಲೆ ಬಂದ ರಾಗಿ ಮನೆಯೊಳಗಿನ ವಾಡೆಗೆ, ವಾಡೆಯಿಂದ ಮೊರಕ್ಕೆ, ಮೊರದಿಂದ ಬೀಸುವ ಕಲ್ಲಿಗೆ ಹೋಗುತ್ತಿತ್ತು. ಹಗೇವು ಗಂಡಸರದು, ವಾಡೆಯಿಂದ ಮುಂದಿನದೆಲ್ಲ ಹೆಂಗಸರದು. ಇಂದು ಎಷ್ಟು ಬೀಸಬೇಕು, ನೆರೆಯವಳಿಗೆ ಎಷ್ಟು ಕಡ ಕೊಡಬೇಕು, ಭಿಕ್ಷಕ್ಕೆ ಬಂದವನಿಗೆ ಎಷ್ಟು ಹಾಕಬೇಕು ಎಂಬುದನ್ನು ಅತ್ತೆಯ ಕೈಯ ಪಾವು ನಿರ್ಣಯಿಸುತ್ತಿತ್ತು. ಯುದ್ಧ ಬಂದು ತಟ್ಟಿದ್ದು ಆ ಪಾವಿಗೆ.

ಮೊದಲನೆಯ ಯುದ್ಧದ ಕಥೆಯನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಅದು ಅಜ್ಜಿ ಹುಟ್ಟುವುದಕ್ಕೆ ಹಿಂದಿನದು, ಅವರ ಅತ್ತೆಯ ಕಾಲದ್ದು. 1914ರಲ್ಲಿ ಮೈಸೂರು ಮಹಾರಾಜರು ಯುದ್ಧದ ವೆಚ್ಚಕ್ಕೆಂದು 50 ಲಕ್ಷ ರೂಪಾಯಿ ಕೊಟ್ಟರು. 1918ರ ಸೆಪ್ಟೆಂಬರಿನಲ್ಲಿ ಮೈಸೂರಿನ ಕುದುರೆಯ ಪಡೆ ಹೈಫಾದಲ್ಲಿ ಕಾದಿತು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಳ್ಳಿಯ ಹೆಂಗಸಿಗೆ ಆ ಯುದ್ಧ ತಿಳಿದದ್ದು ಬೆಳ್ಳಿಯಿಂದ. ಆಗಿನ ರೂಪಾಯಿ ನಿಜವಾದ ಬೆಳ್ಳಿಯ ರೂಪಾಯಿ. ನಾಲ್ಕು ರೂಪಾಯಿ ಕೂಡಿದರೆ ಅಕ್ಕಸಾಲಿಯ ಬಳಿ ಕರಗಿಸಿ ಕಡಗ ಮಾಡಿಸುವುದು, ಕಷ್ಟ ಬಂದರೆ ಕಡಗವನ್ನು ಮಾರಿ ಮತ್ತೆ ರೂಪಾಯಿ ಮಾಡಿಕೊಳ್ಳುವುದು. ಹೆಣ್ಣಿನ ಬ್ಯಾಂಕು ಅವಳ ಕೈಕಾಲಿನಲ್ಲಿಯೇ ಇತ್ತು. ಯುದ್ಧದಿಂದ ಬೆಳ್ಳಿಗೆ ಪ್ರಪಂಚದಲ್ಲೆಲ್ಲ ಬೆಲೆ ಏರಿ, ರೂಪಾಯಿಯೊಳಗಿನ ಬೆಳ್ಳಿ ರೂಪಾಯಿಗಿಂತ ಹೆಚ್ಚು ಬಾಳುವ ಕಾಲ ಹತ್ತಿರ ಬಂತು. 1917ರಲ್ಲಿ ನಾಣ್ಯ ಕರಗಿಸುವುದು ಅಪರಾಧವೆಂದು ಸರ್ಕಾರ ಸಾರಿತು. ಅದೇ ವರ್ಷದ ಕೊನೆಗೆ ಒಂದು ರೂಪಾಯಿಯ ಕಾಗದದ ನೋಟು ಬಂತು. ಮಳೆಯಲ್ಲಿ ನೆನೆಯುವ, ಇಲಿ ಕಡಿಯುವ, ಕಡಗವಾಗದ ಈ ರೂಪಾಯಿಯನ್ನು ಅಜ್ಜಿಯ ಅತ್ತೆ ಕೊನೆಯವರೆಗೂ ಹಣವೆಂದು ಒಪ್ಪಲಿಲ್ಲವಂತೆ.

1918ರಲ್ಲಿ ಮುಂಗಾರು ಸೋತಿತು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಬಂತು. ಆ ಜ್ವರದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರೆಂದು ಮುಂದಿನ ಜನಗಣತಿಯ ಕಾಲಕ್ಕೆ ತಿಳಿದುಬಂತು. ಮನೆಯವರೆಲ್ಲ ಮಲಗಿದಾಗ ಗಂಜಿ ಕಾಯಿಸಲು ಎದ್ದವಳು ಅವಳೇ ಅಲ್ಲವೆ? ಇಂಡಿಯಾದಲ್ಲಿ ಬೆಲೆಗಳು 1914ರಿಂದ 1919ರ ಒಳಗೆ ಹತ್ತಿರ ಹತ್ತಿರ ದುಪ್ಪಟ್ಟಾದುವು. ಆದರೆ ಆಗ ರೇಷನ್ನು ಎಂಬ ಮಾತು ಹಳ್ಳಿಗೆ ಬರಲಿಲ್ಲ. ಇದ್ದವರು ಹಗೇವು ತೆಗೆದು ಉಂಡರು. ಇಲ್ಲದವರು ಇದ್ದವರ ಬಾಗಿಲಿಗೆ ಬಂದರು. ಬಾಗಿಲಿಗೆ ಬಂದವರಿಗೆ ಕೊಡುವುದು ಬಿಡುವುದು ಮನೆಯ ಮಾತಾಗಿತ್ತು, ಸರ್ಕಾರದ ಮಾತಾಗಿರಲಿಲ್ಲ. ಈ ಒಂದು ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಜ್ಜಿ ಹಂಪಾಪುರಕ್ಕೆ ಸೊಸೆಯಾಗಿ ಬಂದದ್ದು ಎರಡನೆಯ ಯುದ್ಧದ ನಡುವೆ. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಎಲ್ಲಿಯ ರಂಗೂನು, ಎಲ್ಲಿಯ ಹಂಪಾಪುರ! ಆದರೆ ಬರ್ಮಾದಿಂದ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಅಕ್ಕಿ ಇಂಡಿಯಾಕ್ಕೆ ಬರುತ್ತಿತ್ತು. ಮಲಬಾರು, ಕೊಚ್ಚಿ, ತಿರುವಾಂಕೂರುಗಳು ಆ ಅಕ್ಕಿಯನ್ನು ಬಹುವಾಗಿ ನೆಚ್ಚಿದ್ದುವು. ಅದು ನಿಂತಾಗ ಮಲಬಾರಿನ ಹಸಿವು ಮಾನಂದವಾಡಿಯ ದಾರಿ ಹಿಡಿದು ಮೇಲೆ ಬಂತು. ಧಾನ್ಯ ಅಪ್ಪಣೆಯಿಲ್ಲದೆ ಗಡಿ ದಾಟಬಾರದೆಂಬ ಕಟ್ಟಳೆ ಎಲ್ಲ ಕಡೆಯೂ ಆಯಿತು. ಕಟ್ಟಳೆಯಾದ ಕಡೆ ಕಳ್ಳದಾರಿಯೂ ಆಯಿತು.

ಬರ್ಮಾದೊಂದಿಗೆ ಹೋದ ಇನ್ನೊಂದು ವಸ್ತು ಸೀಮೆಎಣ್ಣೆ. ಅಜ್ಜಿ ಯುದ್ಧದ ಮಾತೆತ್ತಿದರೆ ಮೊದಲು ಹೇಳುತ್ತಿದ್ದುದು ಇದನ್ನೇ. ಬುಡ್ಡಿ ದೀಪಕ್ಕೆ ಸೀಮೆಎಣ್ಣೆ ಸಿಗದೆ ಹೋದಾಗ ಮನೆಯ ಹೆಂಗಸರು ಮತ್ತೆ ಹರಳೆಣ್ಣೆಗೆ ತಿರುಗಬೇಕಾಯಿತು. ಹೊಲದ ಬದುವಿನ ಹರಳನ್ನು ಬಿಡಿಸಿ, ಒಣಗಿಸಿ, ಸಿಪ್ಪೆ ತೆಗೆದು, ಬಾಣಲೆಯಲ್ಲಿ ಹದವಾಗಿ ಹುರಿದು, ಒರಳಲ್ಲಿ ಮೆತ್ತಗೆ ಕುಟ್ಟಿ, ನೀರಿನಲ್ಲಿ ಹಾಕಿ ಕುದಿಸಬೇಕು. ಕುದಿಯುತ್ತ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು, ಬೇರೆ ಪಾತ್ರೆಯಲ್ಲಿ ಮತ್ತೆ ಕಾಯಿಸಿ ನೀರಿನ ಪಸೆಯನ್ನು ಓಡಿಸಬೇಕು. ಚಟಪಟ ಸದ್ದು ನಿಂತರೆ ನೀರು ಹೋಯಿತೆಂದು ಲೆಕ್ಕ. ಸದ್ದು ನಿಲ್ಲುವುದಕ್ಕೆ ಮುಂಚೆ ಇಳಿಸಿದರೆ ದೀಪ ಸಿಡಿಯುತ್ತದೆ, ಬಹಳ ಹುರಿದಿದ್ದರೆ ಎಣ್ಣೆ ಕಪ್ಪಾಗಿ ಹೊಗೆ ಕಾರುತ್ತದೆ. ಒಂದು ದಿನ ಪೂರ್ತಿ ಹಿಡಿಯುವ ಕೆಲಸ. ಯುದ್ಧಕ್ಕೆ ಮುಂಚೆ ಇದನ್ನು ಬಾಣಂತಿಗೆ, ತಲೆಗೆ ಎಂದು ಆಗೊಮ್ಮೆ ಈಗೊಮ್ಮೆ ಮಾಡುತ್ತಿದ್ದರು. ಈಗ ಪ್ರತಿ ರಾತ್ರಿಯ ಬೆಳಕಿಗೆ ಮಾಡಬೇಕಾಯಿತು. ಇಂಗ್ಲೆಂಡಿನ ಹೆಂಗಸನ್ನು ಯುದ್ಧ ಹೊಸ ಯಂತ್ರದ ಮುಂದೆ ನಿಲ್ಲಿಸಿತು. ನಮ್ಮವಳನ್ನು ಹಳೆಯ ಒರಳಿನ ಮುಂದೆ ಮತ್ತೆ ಕೂರಿಸಿತು. ಅವಳಿಗೆ ಸಂಬಳ ಬಂತು, ಇವಳಿಗೆ ಕೈ ನೋವು ಬಂತು.

ನಮ್ಮಲ್ಲಿಯೂ ಹೊರಗೆ ಹೋದ ಹೆಂಗಸರಿಲ್ಲವೆಂದಲ್ಲ. 1942ರಲ್ಲಿ ಸೈನ್ಯಕ್ಕೆ ಸೇರಿದಂತೆ ಹೆಂಗಸರ ಸಹಾಯಕ ದಳವೊಂದು ಏರ್ಪಟ್ಟು, ಓದುಬರಹ ಬಲ್ಲ ಕೆಲವು ಸಾವಿರ ಜನ ಅದನ್ನು ಸೇರಿದರು. ಅವರು ಪಟ್ಟಣದವರು. ಹಳ್ಳಿಯ ಗಂಡಸರು ಕೂಲಿ ಹೆಚ್ಚಿದ ಕಡೆಗೆ, ನಾಟಾ ಕಡಿಯಲು ಕಾಡಿಗೆ, ಕಟ್ಟಡದ ಕೆಲಸಕ್ಕೆ ಮೈಸೂರು ಬೆಂಗಳೂರುಗಳಿಗೆ ಹೊರಟುಹೋದಾಗ ಅವರ ಪಾಲಿನ ಹೊಲದ ಕೆಲಸವನ್ನೂ ಮಾಡಿದವರು ಅವರ ಹೆಂಡಿರು. ಕಳೆ, ಕುಯ್ಲು, ಕೇರುವುದು ಮೊದಲೇ ಇದ್ದುವು. ಒಕ್ಕಣೆ, ಗಾಡಿ ಹೇರುವುದು ಸೇರಿದುವು. ನೇಗಿಲು ಹಿಡಿಯುವುದು ಮಾತ್ರ ಹೆಣ್ಣಿಗೆ ಸಲ್ಲದೆಂಬ ನಂಬಿಕೆ ಯುದ್ಧಕ್ಕೂ ಬಗ್ಗಲಿಲ್ಲ. ಉಳುವವನಿಲ್ಲದ ಹೊಲ ಬೀಳು ಬಿದ್ದಿತು, ಆದರೆ ಹೆಂಗಸು ಉಳಲಿಲ್ಲ.

ಇನ್ನು ಬೆಲೆಯ ಮಾತು. ಬೆಲೆ ಏಕೆ ಏರಿತೆಂದು ಕೇಳಿದರೆ 'ಪದಾರ್ಥ ಕಡಮೆಯಾಯಿತು' ಎನ್ನುವುದು ವಾಡಿಕೆ. ಅದು ಅರ್ಧ ನಿಜ. ಬ್ರಿಟಿಷ್ ಸರ್ಕಾರ ಯುದ್ಧಕ್ಕೆ ಬೇಕಾದುದನ್ನು ಇಲ್ಲಿ ಕೊಂಡು, ಅದರ ಸಾಲವನ್ನು ಲಂಡನ್ನಿನ ಲೆಕ್ಕದಲ್ಲಿ ಬರೆದಿಟ್ಟು, ಇಲ್ಲಿನವರಿಗೆ ಕೊಡಲು ಇಲ್ಲಿಯೇ ನೋಟು ಅಚ್ಚು ಹಾಕಿಸಿತು. ಚಲಾವಣೆಯ ನೋಟು 1939ರಲ್ಲಿ 200 ಕೋಟಿ ರೂಪಾಯಿಗೆ ಒಳಗಿದ್ದುದು ಯುದ್ಧ ಮುಗಿಯುವ ಹೊತ್ತಿಗೆ 1,000 ಕೋಟಿಯನ್ನು ದಾಟಿತ್ತು. ನೋಟು ಹೆಚ್ಚಿತು, ಚಿಲ್ಲರೆ ಮಾಯವಾಯಿತು. ತಾಮ್ರ ಉಳಿಸಲೆಂದು 1943ರಲ್ಲಿ ಕಾಲಾಣೆಯ ನಾಣ್ಯಕ್ಕೆ ನಡುವೆ ತೂತು ಹಾಕಿದರು. ಆ ತೂತುಕಾಸನ್ನು ದಾರಕ್ಕೆ ಪೋಣಿಸಿ ಮಗುವಿನ ಉಡಿದಾರಕ್ಕೆ ಕಟ್ಟಿದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಸರ್ಕಾರದ ಲೆಕ್ಕದಲ್ಲಿಯೇ ಸಗಟು ಬೆಲೆ ಯುದ್ಧದ ಮುಂಚಿನದರ ಎರಡೂವರೆ ಪಟ್ಟಿನ ಹತ್ತಿರ ಬಂದಿತ್ತು. ಕಾಳಸಂತೆಯ ಬೆಲೆ ಇನ್ನೂ ಮೇಲೆ. ಈ 'ಕಾಳಸಂತೆ' ಕತ್ತಲೆಯ ಸಂತೆಯೆಂಬ ಅರ್ಥದ ಮಾತು. ಅಜ್ಜಿ ಮಾತ್ರ ಅದನ್ನು 'ಕಾಳಿನ ಸಂತೆ' ಎಂದೇ ತಿಳಿದಿದ್ದರು. ನಾನು ತಿದ್ದಹೋದಾಗ, "ಕಾಳು ಸಿಕ್ತಿದ್ದದ್ದು ಅಲ್ಲೇ ಅಲ್ವೇನೋ ಮಗ?" ಎಂದರು. ನಿಘಂಟುಕಾರರಿಗೆ ಇದಕ್ಕೆ ಉತ್ತರವಿದೆಯೋ ಇಲ್ಲವೋ, ನನ್ನಲ್ಲಿರಲಿಲ್ಲ.

ಬೆಲೆ ಏರಿದ್ದರಿಂದ ರಾಗಿ ಬೆಳೆಯುವ ರೈತನಿಗೆ ಲಾಭವಾಗಲಿಲ್ಲವೆ ಎಂದು ಕೇಳಬಹುದು. ಸ್ವಲ್ಪ ಆಯಿತು. ನಷ್ಟವಾದದ್ದು ಕೂಲಿಯ ಹೆಂಗಸಿಗೆ, ಅದೂ ಕಣ್ಣಿಗೆ ಬೀಳದ ಒಂದು ದಾರಿಯಿಂದ. ಮುಂಚೆ ಕೂಲಿ ಬಹುಮಟ್ಟಿಗೆ ಕಾಳಿನಲ್ಲಿ ಸಲ್ಲುತ್ತಿತ್ತು. ಕಾಳಿಗೆ ಬೆಲೆ ಬಂದ ಮೇಲೆ ಕಾಳು ಕೊಡಲು ಕೈ ಬಾರದೆ, "ದುಡ್ಡು ತಕ್ಕೋ" ಎನ್ನತೊಡಗಿದರು. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ರೂಪಾಯಿಗೆ 12 ಸೇರು ರಾಗಿ, ದಿನದ ಕೂಲಿ 2 ಆಣೆ ಎಂದಿದ್ದರೆ ಆ ಕೂಲಿಗೆ ಒಂದೂವರೆ ಸೇರು ರಾಗಿ ಬರುತ್ತದೆ. ಬೆಲೆ ಎರಡೂವರೆ ಪಟ್ಟಾದರೆ ರೂಪಾಯಿಗೆ ಐದು ಸೇರೂ ಬರದು. ಆಗ ಕೂಲಿಯನ್ನು 3 ಆಣೆಗೆ ಏರಿಸಿದರೂ ಅವಳಿಗೆ ಸಿಕ್ಕುವುದು ಒಂದು ಸೇರಿಗೂ ಕಡಮೆ. ಮೊದಲಿನ ಒಂದೂವರೆ ಸೇರು ಸಿಕ್ಕಬೇಕಾದರೆ ಕೂಲಿ 5 ಆಣೆಯಾಗಬೇಕು. ಕಾಳಿನಲ್ಲಿ ಕೂಲಿ ಪಡೆದವಳಿಗೆ ಬೆಲೆಯ ಏರಿಳಿತದ ಗೊಡವೆಯೇ ಇರಲಿಲ್ಲ. ಕೂಲಿ ಹೆಚ್ಚಿಸಿದೆವೆಂದು ಹೇಳುತ್ತಲೇ ಅವಳ ಹೊಟ್ಟೆಯನ್ನು ಐದರಲ್ಲಿ ಎರಡು ಪಾಲು ಕತ್ತರಿಸಿದ್ದಾಯಿತು. ಹೀಗೆ ಕತ್ತರಿಸಿದವರಲ್ಲಿ ನಮ್ಮ ತಾಯಿಯ ತವರಿನವರೂ ಒಬ್ಬರೆಂಬುದನ್ನು ಮುಚ್ಚಿಡಲಾರೆ.

1943ರ ಬಂಗಾಳದ ಕ್ಷಾಮ ಕಣ್ಣು ತೆರೆಸಿದ ಮೇಲೆ ಸರ್ಕಾರ ಎರಡು ಕೆಲಸಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಿತು. ಹಳ್ಳಿಯಿಂದ ಧಾನ್ಯ ಎತ್ತುವುದು ಒಂದು. ಅದನ್ನು ಪಟ್ಟಣದಲ್ಲಿ ಚೀಟಿಯ ಮೇಲೆ ಹಂಚುವುದು ಇನ್ನೊಂದು. ಮೊದಲನೆಯದಕ್ಕೆ ಹಳ್ಳಿಯವರ ಬಾಯಲ್ಲಿ ಲೆವಿ ಎಂದು ಹೆಸರು, ಎರಡನೆಯದು ರೇಷನ್ನು. ಕನ್ನಡದಲ್ಲಿ ಇದಕ್ಕೆ 'ಪಡಿತರ' ಎಂಬ ಹಳೆಯ ಮಾತು ಸಿಕ್ಕಿತು. ಮೊದಲು ಅದು ದೇವಸ್ಥಾನ ಮಠಗಳಿಗೆ ದಿನದಿನವೂ ಸಲ್ಲಬೇಕಾದ ಅಕ್ಕಿ ಬೇಳೆ ಎಣ್ಣೆಗಳ ಗೊತ್ತುಪಾಡಿನ ಹೆಸರು. ದೇವರಿಗೆ ಅಳೆದುಕೊಡುತ್ತಿದ್ದುದನ್ನು ಮನುಷ್ಯರಿಗೆ ಅಳೆದುಕೊಡುವ ಕಾಲ ಬಂತೆನ್ನೋಣ.

ಲೆವಿ ನಡೆಯುತ್ತಿದ್ದುದು ಹೀಗೆ. ಶ್ಯಾನುಭೋಗರ ಲೆಕ್ಕದಿಂದ ಯಾರ ಹೊಲ ಎಷ್ಟು, ಬೆಳೆ ಎಷ್ಟು ಎಂದು ಗೊತ್ತುಮಾಡುವುದು. ಮನೆಯ ಊಟಕ್ಕೆ, ಬಿತ್ತನೆಗೆ ಇಷ್ಟೆಂದು ಕಳೆಯುವುದು. ಉಳಿದುದನ್ನು ಸರ್ಕಾರ ಕಟ್ಟಿದ ಬೆಲೆಗೆ ತಂದು ಅಳೆಯಬೇಕೆನ್ನುವುದು. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಕಾಣದು. ಆದರೆ ಅದು ಒಂದು ವರ್ಷದ ಲೆಕ್ಕ. ಹಗೇವಿನದು ಹಲವು ವರ್ಷಗಳ ಲೆಕ್ಕ. ಸರ್ಕಾರಕ್ಕೆ 'ಮಿಗತೆ' ಎಂದು ಕಂಡದ್ದು ರೈತನಿಗೆ ಮುಂದಿನ ಬರದ ಊಟ. ಊಟಕ್ಕೆಂದು ಬಿಡುವ ಪ್ರಮಾಣವಾದರೂ ಮನೆಯ ತಲೆಗಳ ಲೆಕ್ಕ. ಕಡ ಕೇಳಲು ಬರುವ ನೆರೆಯವಳು, ಬಾಣಂತನಕ್ಕೆ ಬರುವ ಮಗಳು, ಸುಗ್ಗಿಯ ಆಳು ಆ ಲೆಕ್ಕದಲ್ಲಿಲ್ಲ. ಹೆಂಗಸಿನ ಪಾವು ಅಳೆಯುತ್ತಿದ್ದುದು ಇವರನ್ನೇ ಅಲ್ಲವೆ?

ಇಂಗ್ಲೆಂಡಿನಲ್ಲಿಯೂ ರೇಷನ್ನಿತ್ತು, ಅದನ್ನು ಅವರು ಸಮಾಧಾನದಿಂದ ಸಹಿಸಿದರೆಂದು ಪುಸ್ತಕಗಳು ಹೇಳುತ್ತವೆ. ನಿಜ. 1940ರ ಜನವರಿಯಿಂದ ಅಲ್ಲಿ ಬೆಣ್ಣೆ, ಸಕ್ಕರೆ, ಹಂದಿಯ ಮಾಂಸಕ್ಕೆ ಚೀಟಿ ಬಂತು. ಆದರೆ ಯುದ್ಧ ನಡೆದಷ್ಟು ಕಾಲವೂ ರೊಟ್ಟಿಗೆ ರೇಷನ್ನು ಇರಲಿಲ್ಲ; ಆಲೂಗೆಡ್ಡೆಗೂ ಇರಲಿಲ್ಲ. ರೊಟ್ಟಿಗೆ ಚೀಟಿ ಬಂದದ್ದು ಯುದ್ಧ ಮುಗಿದು 1946ರಲ್ಲಿ. ಅಲ್ಲಿ ಹೊಟ್ಟೆ ತುಂಬುವ ಪದಾರ್ಥ ಬಿಡಿಯಾಗಿತ್ತು, ರುಚಿಯ ಪದಾರ್ಥಕ್ಕೆ ಅಳತೆ. ಇಲ್ಲಿ ಹೊಟ್ಟೆ ತುಂಬುವ ಒಂದೇ ಪದಾರ್ಥಕ್ಕೇ ಅಳತೆ. ಎರಡಕ್ಕೂ ರೇಷನ್ನೆಂಬ ಒಂದೇ ಹೆಸರಿರುವುದರಿಂದ ಎರಡೂ ಒಂದೇ ಎಂದು ಭಾವಿಸಬಾರದು.

ಆ ಅಳತೆ ಎಷ್ಟು? ದೊಡ್ಡವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೆಂಬುದು 1943ರ ಗುರಿ. 1946ರ ಮೊದಲಲ್ಲಿ ಮಳೆಗಳು ಕೈಕೊಟ್ಟಿದ್ದರಿಂದ ಅದನ್ನು 12 ಔನ್ಸಿಗೆ ಇಳಿಸಿದರು. ಈಗಿನ ತೂಕದಲ್ಲಿ ಅದು ಸುಮಾರು 340 ಗ್ರಾಂ. ನಾಲ್ವರು ದೊಡ್ಡವರು, ಅರ್ಧ ಪಾಲಿನ ಇಬ್ಬರು ಮಕ್ಕಳಿರುವ ಮನೆಗೆ ಐದು ಪಾಲು ಬಂದರೆ ದಿನಕ್ಕೆ 1,700 ಗ್ರಾಂ. ಹೊಲದಲ್ಲಿ ದುಡಿಯುವವರಿಗೆ ದಿನಕ್ಕೆ ಅರ್ಧ ಕಿಲೋ ರಾಗಿಯಾದರೂ ಬೇಕು. ಹಾಗೆ ಹಿಡಿದರೆ ಆ ಮನೆಗೆ ಬೇಕಾದದ್ದು 2,500 ಗ್ರಾಂ. ಮಡಕೆಯೊಳಗೆ 800 ಗ್ರಾಂ ಕೊರೆ. ಅದರಲ್ಲಿಯೂ ಕಲ್ಲು ಆರಿಸಿ, ಮುಗ್ಗಲು ಕೇರಿ, ಬೀಸಿ, ಜರಡಿ ಹಿಡಿದ ಮೇಲೆ ಇನ್ನಷ್ಟು ಹೋಗುತ್ತದೆ. ಈ ಕೊರೆ ಯಾರ ತಟ್ಟೆಯಿಂದ ಹೋಗುತ್ತದೆಂದು ಹೇಳಬೇಕಾಗಿಲ್ಲ. ಕೊನೆಗೆ ಉಣ್ಣುವವಳಿಗೆ ತಳ ಹಿಡಿದ ಸೀಕು ಉಳಿಯುತ್ತದೆ. ಅದರ ಮೇಲೆ ಹೊಲದಿಂದ ಕಿತ್ತು ತಂದ ಬೆರಕೆ ಸೊಪ್ಪಿನ ಸಾರು.

ಕಂಟ್ರೋಲು ಅಂಗಡಿಗೆ ರಾಗಿಯೇ ಬರುತ್ತದೆಂಬ ಭರವಸೆಯೂ ಇರಲಿಲ್ಲ. ಗೋಧಿ ಬಂತು, ಮೆಕ್ಕೆಜೋಳ ಬಂತು. ಹಡಗಿನಲ್ಲಿ ಮೈಲೋ ಎಂಬ ಪರದೇಶದ ಜೋಳ ಬಂತು. ಗೋಧಿಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಕೋಲಿನಿಂದ ತಿರುವಿದರೆ ಅದು ರಾಗಿಯಂತೆ ಮುದ್ದೆ ಕಟ್ಟದೆ ಅಂಟಾಗಿ ಕೈಗೆ ಮೆತ್ತಿಕೊಳ್ಳುತ್ತದೆ. ಹುಟ್ಟಿದಂದಿನಿಂದ ಒಂದೇ ಹಿಟ್ಟಿನ ಹದ ಬಲ್ಲ ಹೆಂಗಸು ಮೂವತ್ತು ನಲವತ್ತರ ವಯಸ್ಸಿನಲ್ಲಿ ಮತ್ತೆ ಅಡಿಗೆ ಕಲಿಯಬೇಕಾಯಿತು. ಅದು ಕೆಟ್ಟರೆ ಬೈಸಿಕೊಂಡವಳೂ ಅವಳೇ. ಬೈಗುಳ ಮೈಲೋ ಕಳಿಸಿದವರಿಗೆ ಹೋಗಲಿಲ್ಲ.

ಈಗ ಅಂಗಳದ ಚಪ್ಪಡಿಗೆ ಹಿಂದಿರುಗುತ್ತೇನೆ. ಆ ಮನೆಯವರು ಲೆವಿಯನ್ನು ಅಳೆದರು, ಆದರೆ ಎಲ್ಲವನ್ನೂ ತೋರಿಸಿ ಅಳೆಯಲಿಲ್ಲ. ಹಿತ್ತಿಲಲ್ಲಿ ಎರಡನೆಯ ಹಗೇವೊಂದಿತ್ತು. ಅದರ ಮೇಲೆ ತಿಪ್ಪೆ ಹಾಕಿದ್ದರು. ಹುಡುಕಲು ಬರುವವರಿಗೂ ಗುರುತುಗಳು ಗೊತ್ತಿದ್ದುವು. ಹೊಸದಾಗಿ ಅಗೆದ ಮಣ್ಣಿನ ಬಣ್ಣ ಬೇರೆ. ಹಾರೆಯಿಂದ ಕುಟ್ಟಿದರೆ ಟೊಳ್ಳು ನೆಲದ ಸದ್ದು ಬೇರೆ. ಆದ್ದರಿಂದ ಮುಚ್ಚಿದ ಹಗೇವನ್ನು ಮತ್ತೆ ಮುಟ್ಟುವಂತಿಲ್ಲ. ತೆಗೆದರೆ ಇಡೀ ರಾತ್ರಿ ಬಾಯಿ ತೆರೆದಿರಬೇಕು, ದೀಪ ಇಳಿಬಿಡಬೇಕು, ಹಳೆ ರಾಗಿಯ ಘಾಟು ಇಡೀ ಬೀದಿಗೆ ಹರಡುತ್ತದೆ. "ಕಾಳು ಕಾಲ ಕೆಳಗೇ ಇತ್ತು ಮಗ, ಕೈಗೆ ಮಾತ್ರ ಬರ್ತಿರಲಿಲ್ಲ" ಎನ್ನುತ್ತಿದ್ದರು ಅಜ್ಜಿ. ಆ ವರ್ಷ ಮನೆಯವರು ತಾವೂ ಅರೆಹೊಟ್ಟೆ ಉಂಡು ಅದರ ಮೇಲೆ ಓಡಾಡಿದರು.

ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ಒಂದು ಸಂಜೆ ಹಿತ್ತಿಲ ಬಾಗಿಲಿಗೆ ಬಂದಳು. ಅವಳ ಗಂಡ ಕೂಲಿಗೆಂದು ಹೋದವನು ಬಂದಿರಲಿಲ್ಲ; ಕಂಟ್ರೋಲು ಅಂಗಡಿಗೆ ಆ ವಾರ ಧಾನ್ಯವೂ ಬಂದಿರಲಿಲ್ಲ. ಸೆರಗಿನ ತುದಿಯಲ್ಲಿ ದುಡ್ಡಿತ್ತು. "ಗೌಡ್ತವ್ವ, ಒಂದ್ ಪಾವು ರಾಗಿ ಅಳೀರಿ. ದುಡ್ಡು ತಕ್ಕಳಿ. ಇಲ್ಲ ಅಂದ್ರೆ ಸುಗ್ಗೀಲಿ ಕಾಳೇ ಕೊಡ್ತೀನಿ" ಎಂದಳು. ಅತ್ತೆ ಬಾಗಿಲಲ್ಲಿ ನಿಂತು, "ಎಲ್ಲಾ ಲೆವಿಗೆ ಹೋಯ್ತು ಕಣವ್ವ, ನಮ್ಮಲ್ಲೂ ಇಲ್ಲ" ಎಂದರು. ಕೊಟ್ಟರೆ, ಎಲ್ಲಿಂದ ಬಂತೆಂಬ ಮಾತು ಹುಟ್ಟುತ್ತದೆ. ಮಾತು ಹುಟ್ಟಿದರೆ ಹಾರೆ ಹಿಡಿದವರು ಬರುತ್ತಾರೆ. ಅದು ಜಿಪುಣತನವಲ್ಲ, ಭಯ. ಅಜ್ಜಿ ಅತ್ತೆಯ ಹಿಂದೆ ನಿಂತಿದ್ದರು. ಹದಿನಾರು ವರ್ಷದ ಸೊಸೆ, ಬಾಯಿ ಬಿಡುವಂತಿಲ್ಲ.

ಆ ಹೆಂಗಸು ಮಾತಾಡಲಿಲ್ಲವಂತೆ. ತಿಪ್ಪೆಯ ಕಡೆಗೊಮ್ಮೆ ನೋಡಿದಳಂತೆ. ಆ ಹಗೇವಿಗೆ ರಾಗಿ ಹೊತ್ತು ಹಾಕಿದವರಲ್ಲಿ ಅವಳೂ ಒಬ್ಬಳು. ಆದರೂ ಅವಳು ಯಾರಿಗೂ ಹೇಳಲಿಲ್ಲ, ಆ ವರ್ಷ ಹಾರೆಯವರೂ ಬರಲಿಲ್ಲ. ಮಾನಂದವಾಡಿಯ ದಾರಿಯಲ್ಲಿ ರಾತ್ರಿ ತಲೆಹೊರೆ ಸಾಗಿಸುವವರೊಂದಿಗೆ ಸೇರಿ ಆ ಕೂಲಿಯಿಂದ ಮಕ್ಕಳನ್ನು ಸಾಕಿದಳೆಂದು ಆಮೇಲೆ ತಿಳಿಯಿತು. ಮುಂದಿನ ಸುಗ್ಗಿಗೆ ಅವಳು ನಮ್ಮವರ ಹೊಲಕ್ಕೆ ಬರಲಿಲ್ಲ.

ಯುದ್ಧ 1945ರಲ್ಲಿ ಮುಗಿಯಿತೆಂಬುದು ಚರಿತ್ರೆಯ ಮಾತು. ಹಿಟ್ಟಿನ ಮಡಕೆಗೆ ಅದು ಮುಗಿಯಲಿಲ್ಲ. ಅಳತೆ 12 ಔನ್ಸಿಗೆ ಇಳಿದದ್ದೇ ಯುದ್ಧ ನಿಂತ ಮೇಲೆ. ಗಾಂಧೀಜಿಯವರು ಕಂಟ್ರೋಲು ತೆಗೆಯಬೇಕೆಂದು ಒತ್ತಾಯಿಸಿದ್ದರಿಂದ 1947ರ ಡಿಸೆಂಬರಿನಲ್ಲಿ ಅದನ್ನು ಸಡಿಲಿಸಿದರು, ಬೆಲೆ ಹಾರಿತು, 1948ರಲ್ಲಿ ಮತ್ತೆ ಬಿಗಿದರು. ಅದು ನಿಜವಾಗಿ ಸಡಿಲವಾಗುವ ಹೊತ್ತಿಗೆ ಅಜ್ಜಿಗೆ ಮೂರು ಮಕ್ಕಳಾಗಿದ್ದರು.

ಹಿತ್ತಿಲ ಹಗೇವನ್ನು ಯುದ್ಧ ನಿಂತ ಮರುವರ್ಷ ತೆಗೆದರು. ತಿಪ್ಪೆಯ ನೀರು ಎರಡು ಮಳೆಗಾಲ ಒಳಗಿಳಿದಿತ್ತು. ಸುತ್ತಲಿನ ಹುಲ್ಲು ಕೊಳೆತು, ಅರ್ಧಕ್ಕೂ ಹೆಚ್ಚು ರಾಗಿ ಕಪ್ಪಾಗಿ ಹೆಂಟೆ ಕಟ್ಟಿತ್ತು. ಅದನ್ನು ದನವೂ ಮೂಸಲಿಲ್ಲ. ಉಳಿದ ಒಳ್ಳೆಯ ಕಾಳನ್ನು ವಾಡೆಗೆ ತುಂಬಿದ ದಿನ ಅಜ್ಜಿ ಒಂದು ಮೊರದಷ್ಟನ್ನು ತೆಗೆದುಕೊಂಡು ಆ ಹೆಂಗಸಿನ ಗುಡಿಸಲಿಗೆ ಹೋದರಂತೆ. ಅವಳು ಮೊರವನ್ನು ಇಳಿಸಿಕೊಂಡಳು. ಪಾವು ತಂದು ಒಂದೇ ಒಂದು ಪಾವು ಅಳೆದುಕೊಂಡು, ಅಂದಿನ ಬೆಲೆಯ ದುಡ್ಡನ್ನು ಎಣಿಸಿ ಅದೇ ಮೊರದಲ್ಲಿಟ್ಟು, ಮಿಕ್ಕ ರಾಗಿಯನ್ನು ಹಿಂದಕ್ಕೆ ಕೊಟ್ಟಳು. ಆ ದುಡ್ಡಿನಲ್ಲಿ ಎರಡು ತೂತುಕಾಸುಗಳಿದ್ದುವು. ನಾನು ಮನೆಯಲ್ಲಿ ಮಗುವಿನ ಉಡಿದಾರದಲ್ಲಿ ಕಂಡದ್ದು ಅವನ್ನೇ.